ಕೂದಲಿನ ಚೀಲದಲ್ಲಿ ಅರ್ಧ ಬ್ಲೇಡು

ಗದ್ದೆ ಅಂಚಿಗೆ ಕಾಡುಹಂದಿ ಬಾರದಿರಲಿ ಅಂತ ಸಲೂನಿನಿಂದ ಕೂದಲು ತಂದು ಉದುರಿಸೋದು ನಮ್ಮ ಕಡೆ ಹೊಸದೇನಲ್ಲ. ಇವತ್ತು ತೀರ್ಥಹಳ್ಳಿ ಕಡೆ ಹೊರಟಿದ್ದ ಅಂಥದೇ ಒಂದು ಗೋಣಿಚೀಲದ ಬಾಯಿ ಬಿಚ್ಚಿದರೆ, ಕೂದಲ ನಡುವೆ ಮಿಣಮಿಣ ಅಂತ ಅರ್ಧ ಬ್ಲೇಡುಗಳು! ಒಂದೆರಡಲ್ಲ ಮಾರಾಯ್ರೆ. ಅದನ್ನು ಬರಿಗೈಲಿ ಬಾಚಿ ಬದುವಿನ ಮೇಲೆ ಚೆಲ್ಲೋರು ಕೂಲಿಗೆ ಬಂದ ಹೆಂಗಸರು. ಹಂದಿ ಬರುತ್ತೋ ಬಿಡುತ್ತೋ, ಅವರ ಕೈಯಂತೂ ಕುಯ್ಯುತ್ತೆ.

ಬ್ಲೇಡು ಚೀಲಕ್ಕೆ ಹೇಗೆ ಬರುತ್ತೆ ಅನ್ನೋದು ಕಸುಬಿನವರಿಗೆಲ್ಲ ಗೊತ್ತು. ಕಾಗದದೊಳಗೇ ಬ್ಲೇಡನ್ನು ಎರಡು ತುಂಡು ಮಾಡಿ, ಅರ್ಧ ಕತ್ತಿಗೆ ಸಿಗಿಸ್ತಾರೆ. ಶೇವಿಂಗ್ ಮುಗಿದ ಮೇಲೆ ಗಿರಾಕಿ ಕಾಣಲಿ ಅಂತ ಆ ಅರ್ಧವನ್ನು ತೆಗೆದು ಬಿಸಾಕ್ತಾರೆ. ಹೊಸ ಬ್ಲೇಡು ಹಾಕೋದನ್ನು ತೋರಿಸೋದರಲ್ಲಿ ನಮ್ಮವರು ಬಹಳ ಶಿಸ್ತು. ಹಳೇದು ಎಲ್ಲಿ ಬಿತ್ತು ಅಂತ ಮಾತ್ರ ಯಾರೂ ನೋಡೋಲ್ಲ. ಕನ್ನಡಿ ಮುಂದಿನ ಕಟ್ಟೆಯಿಂದ ಜಾರಿ ನೆಲಕ್ಕೆ ಬೀಳುತ್ತೆ, ಸಂಜೆ ಪೊರಕೆ ಹಾಕಿದಾಗ ಕೂದಲಿನ ಜೊತೆ ಚೀಲ ಸೇರುತ್ತೆ.

"ನಾವು ಪೇಪರಲ್ಲಿ ಸುತ್ತಿ ಹಾಕ್ತೀವಲ್ಲ ಅಣ್ಣ" ಅನ್ನೋರಿದ್ದಾರೆ. ಸುತ್ತಿ, ಸಂತೋಷ. ಆದರೆ ಸುತ್ತೋದು ಅಂದರೆ ರಕ್ತ ತಾಗಿದ ಬ್ಲೇಡನ್ನು ಇನ್ನೊಮ್ಮೆ ಬೆರಳಲ್ಲಿ ಹಿಡಿಯೋದು. ನಮ್ಮ ಆಷಾಢದ ಮಳೆಯಲ್ಲಿ ಆ ಪೇಪರು, ರಟ್ಟಿನ ಡಬ್ಬಿ ಎಲ್ಲ ಮೆತ್ತಗಾಗಿ, ಕಸದ ಗಾಡಿ ಹತ್ತೋ ಮೊದಲೇ ಬ್ಲೇಡಿನ ಮೂಲೆ ಹೊರಗೆ ಇಣುಕುತ್ತೆ. ಹೆಪಟೈಟಿಸ್ ಬಿ ವೈರಾಣು ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಜೀವ ಹಿಡಿದಿರಬಲ್ಲದು. ಸೋಮವಾರದ ಬ್ಲೇಡು ಶನಿವಾರ ಕಸ ಬೇರ್ಪಡಿಸೋರ ಕೈ ಕುಯ್ದರೂ ಲೆಕ್ಕ ಒಂದೇ.

ಬೇಕಾಗಿರೋದು ಒಂದು ಖಾಲಿ ಕ್ಯಾನ್, ಅಷ್ಟೇ. ಫಿನಾಯಿಲ್ ಅಥವಾ ಬಟ್ಟೆ ಸೋಪಿನ ದ್ರವ ಬರುತ್ತಲ್ಲ, ಆ ದಪ್ಪ ಪ್ಲಾಸ್ಟಿಕ್ಕಿನ ಒಂದು ಲೀಟರಿಂದು. ನೀರಿನ ಬಾಟಲಿ ಬೇಡ. ಅದರ ತೆಳು ಪ್ಲಾಸ್ಟಿಕ್ಕನ್ನು ಯಾರಾದರೂ ಒತ್ತಿದರೆ ಬ್ಲೇಡು ಆಚೆ ಬರುತ್ತೆ. ಕ್ಯಾನನ್ನು ತೊಳೆದು ಒಣಗಿಸಿ, ಮುಚ್ಚಳ ಬಿಗಿ ಮಾಡಿ, ಹೆಗಲ ಹತ್ತಿರ 5 ಸೆಂಟಿಮೀಟರ್ ಉದ್ದ, 3 ಮಿಲಿಮೀಟರ್ ಅಗಲದ ಸೀಳು ಕಾಯಿಸಿದ ಚಾಕುವಿನಲ್ಲಿ ಮಾಡಿ. ಬ್ಲೇಡಿನ ಉದ್ದ 4.3 ಸೆಂಟಿಮೀಟರ್, ಹಾಗಾಗಿ ಸಲೀಸಾಗಿ ಇಳಿಯುತ್ತೆ. ಸೀಳು ಇದಕ್ಕಿಂತ ಅಗಲ ಆದರೆ ಕ್ಯಾನ್ ಉರುಳಿದಾಗ ಒಳಗಿನದೆಲ್ಲ ಹೊರಗೆ. ಇಡೋ ಜಾಗ ಕುರ್ಚಿಯಿಂದ ಒಂದು ಕೈಯಳತೆ ದೂರದಲ್ಲಿರಲಿ. ಎರಡು ಹೆಜ್ಜೆ ನಡೀಬೇಕು ಅಂದರೆ ಗಿರಾಕಿ ಜಾಸ್ತಿ ಇರೋ ಭಾನುವಾರ ಯಾರೂ ನಡೆಯೋಲ್ಲ, ಬ್ಲೇಡು ಮತ್ತೆ ಕಟ್ಟೆ ಮೇಲೆ.

ಬ್ಲೀಚಿಂಗ್ ನೀರಲ್ಲಿ ನೆನೆಸಿ ಹಾಕೋಣವೇ ಅಂತ ಕೇಳ್ತಾರೆ. ಬೇಡ. ನೊರೆ, ಕೂದಲು ಅಂಟಿದ ಬ್ಲೇಡಿನ ಮೇಲೆ ಅದರ ಕೆಲಸ ನೆಚ್ಚಿಕೊಳ್ಳೋ ಹಾಗಿಲ್ಲ. ಮೇಲಾಗಿ ತುಕ್ಕು ಹಿಡಿದ ಒದ್ದೆ ಬ್ಲೇಡುಗಳ ಗುಡ್ಡೆಯನ್ನು ಆಮೇಲೆ ಯಾರೋ ಕೈ ಹಾಕಿ ಸೋಸಬೇಕು. ಒಂದೇ ಸಲ, ನೇರ ಕ್ಯಾನಿಗೆ. ಕಿವಿ ಚುಚ್ಚೋ ಸೂಜಿ, ಡರ್ಮಾ ರೋಲರ್ ಇರೋ ಪಾರ್ಲರಿನವರಿಗೂ ಇದೇ ಮಾತು. ರೋಲರ್ ಸೀಳಲ್ಲಿ ಹೋಗೋಲ್ಲ, ಅದಕ್ಕೆ ಅಗಲ ಬಾಯಿಯ, ತಿರುಪು ಮುಚ್ಚಳದ ಇನ್ನೊಂದು ಡಬ್ಬ ಇಡಿ. ಸೂಜಿಗೆ ವಾಪಸ್ ಕ್ಯಾಪ್ ಹಾಕಲು ಹೋಗಬೇಡಿ, ಚುಚ್ಚಿಕೊಳ್ಳೋದೇ ಆಗ.

ಎರಡು ಕುರ್ಚಿಯ ಅಂಗಡಿ ತಗೊಳ್ಳಿ. ದಿನಕ್ಕೆ 20 ಅರ್ಧ ಬ್ಲೇಡು, ತಿಂಗಳಿಗೆ 25 ದಿನ ಅಂದರೆ 500. ಅಡ್ಡಾದಿಡ್ಡಿ ಬಿದ್ದರೂ ಸುಮಾರು ಕಾಲು ಲೀಟರ್ ಜಾಗ. ಎರಡು-ಮೂರು ತಿಂಗಳಿಗೆ ಕ್ಯಾನ್ ಮುಕ್ಕಾಲು ತುಂಬುತ್ತೆ, ಅಲ್ಲಿಗೆ ನಿಲ್ಲಿಸಿ. ಅದಕ್ಕಿಂತ ಮೇಲೆ ತುಂಬಿದರೆ ಕೊನೆಯ ಬ್ಲೇಡು ಸೀಳಲ್ಲಿ ಸಿಕ್ಕಿಕೊಂಡು, ಹುಡುಗ ಅದನ್ನು ಬೆರಳಲ್ಲಿ ಒಳಗೆ ತಳ್ತಾನೆ. "ಸಣ್ಣ ಅಂಗಡಿ, ನಮ್ಮದೆಷ್ಟು ಬ್ಲೇಡು ಮಹಾ" ಅನ್ನೋರು ವರ್ಷಕ್ಕೆ 6,000 ಅಂತ ಒಮ್ಮೆ ಗುಣಿಸಿ ನೋಡಿ ಆಮೇಲೆ ಮಾತಾಡಿ.

ತುಂಬಿದ ಕ್ಯಾನ್ ಎಲ್ಲಿಗೆ? ಇಲ್ಲಿ ನಿಜವಾದ ತೊಡಕಿದೆ, ಒಪ್ಪುತ್ತೇನೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ ಆಸ್ಪತ್ರೆ, ಕ್ಲಿನಿಕ್, ಲ್ಯಾಬುಗಳನ್ನು ಹೆಸರಿಸುತ್ತೆ, ಸಲೂನನ್ನಲ್ಲ. ಆಸ್ಪತ್ರೆ ಕಸದ ಗಾಡಿ ತಾನಾಗಿ ನಿಮ್ಮ ಬಾಗಿಲಿಗೆ ಬರೋಲ್ಲ. ಊರಿನ ಹತ್ತು ಅಂಗಡಿಯವರು ಸೇರಿ ಪಾಲಿಕೆಯ ಆರೋಗ್ಯ ನಿರೀಕ್ಷಕರ ಹತ್ತಿರ ಇದನ್ನೇ ಕೇಳಬೇಕು. ಅಲ್ಲೀವರೆಗೆ ಕೈಗೆ ಸಿಗೋ ದಾರಿ ಸಿಮೆಂಟು. ಕ್ಯಾನಿನ ಸೀಳಿಗೆ ಗಟ್ಟಿ ಟೇಪ್ ಸುತ್ತಿ, ಮುಚ್ಚಳ ತೆಗೆದು, ಆಲಿಕೆ ಇಟ್ಟು, ಸಿಮೆಂಟು ಮತ್ತು ಸಣ್ಣ ಮರಳನ್ನು ದೋಸೆ ಹಿಟ್ಟಿನ ಹದಕ್ಕೆ ಕಲಸಿ ಸುರೀರಿ. ನಡುನಡುವೆ ಕ್ಯಾನನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿ, ಇಲ್ಲದಿದ್ದರೆ ಬ್ಲೇಡುಗಳ ನಡುವೆ ಗಾಳಿ ಉಳಿಯುತ್ತೆ. ಮಳೆಗಾಲದಲ್ಲಿ ಎರಡು-ಮೂರು ದಿನ ಬಿಡಿ. ಅಲ್ಲಾಡಿಸಿದಾಗ ಒಳಗೆ ಕಿಣಿ ಅನ್ನಬಾರದು. ಕಿಣಿ ಅಂತು ಅಂದರೆ ಸಿಮೆಂಟು ತಳ ಮುಟ್ಟಿಲ್ಲ, ಇನ್ನಷ್ಟು ನೀರಾಗಿ ಕಲಸಿ ಸುರೀಬೇಕು. ಗಟ್ಟಿಯಾದ ಮೇಲೆ ಮುಚ್ಚಳ ಹಾಕಿ, ದಪ್ಪ ಅಕ್ಷರದಲ್ಲಿ "ಬ್ಲೇಡ್" ಅಂತ ಬರೆದು ಗಾಡಿಯವರ ಕೈಗೆ ಬೇರೆಯಾಗಿ ಕೊಡಿ. ಹಳ್ಳಿಯಲ್ಲಾದರೆ ಪಂಚಾಯಿತಿಯ ಸ್ವಚ್ಛ ವಾಹಿನಿಯ ಅಕ್ಕನಿಗೆ, ಬಾಯಲ್ಲಿ ಹೇಳಿಯೇ ಕೊಡಿ. ಸಿಮೆಂಟು ಹಾಕದೆ ಗುಜರಿಗೆ ಹಾಕಿದರೆ, ಕಬ್ಬಿಣದಾಸೆಗೆ ಅವರು ಕ್ಯಾನ್ ಒಡೆದೇ ಒಡೀತಾರೆ.

ಇನ್ನು ಬಚ್ಚಲ ಒಲೆಯ ಪಂಡಿತರು. "ಎಲ್ಲ ಸುಟ್ಟುಬಿಡ್ತೀವಿ." ಉಕ್ಕು ಕರಗೋಕೆ 1,400 ಡಿಗ್ರಿ ದಾಟಬೇಕು, ನಿಮ್ಮ ಹಂಡೆ ಒಲೆಗೆ ಆ ಯೋಗ್ಯತೆ ಇಲ್ಲ. ಬ್ಲೇಡು ಕಪ್ಪಾಗಿ ಬೂದಿಯಲ್ಲಿ ಉಳಿಯುತ್ತೆ, ಬೂದಿ ಗೊಬ್ಬರದ ಗುಂಡಿಗೆ, ಗೊಬ್ಬರ ಅಡಿಕೆ ಬುಡಕ್ಕೆ. ಮತ್ತೆ ಅದೇ ಕೂಲಿಯವರ ಕೈ! ವ್ಯಾಕ್ಸ್ ಪಟ್ಟಿಯನ್ನೂ ಅದೇ ಒಲೆಗೆ ಹಾಕ್ತಾರೆ. ಬಟ್ಟೆಯಂತೆ ಕಾಣೋ ಆ ಪಟ್ಟಿ ಬಹುಪಾಲು ಪ್ಲಾಸ್ಟಿಕ್ಕೇ. ಅಂಟು ಒಳಗಾಗುವಂತೆ ಮಡಚಿ ಬೇರೆ ಕವರಿಗೆ ಹಾಕಿದರೆ ಸಾಕು. ವ್ಯಾಕ್ಸ್ ಪಾತ್ರೆಗೆ ಬಿಸಿನೀರು ಹೊಯ್ದು ಸಿಂಕಿಗೆ ಬಿಡೋದಂತೂ ಪ್ಲಂಬರಿಗೆ ಕೊಡೋ ದಕ್ಷಿಣೆ: ಪೈಪಿನ ತಿರುವಿಗೆ ಹೋಗೋ ಹೊತ್ತಿಗೆ ತಣ್ಣಗಾಗಿ ಅಲ್ಲೇ ಗಟ್ಟಿಯಾಗುತ್ತೆ. ಆರಿದ ಮೇಲೆ ಎಬ್ಬಿಸಿ ತೆಗೀರಿ, ಉಳಿದದ್ದನ್ನು ಎಣ್ಣೆ ಹಚ್ಚಿದ ಕಾಗದದಲ್ಲಿ ಒರೆಸಿ.

ಕಲಸಿದ ಹೇರ್ ಕಲರ್ ಉಳಿದರೆ ಬಾಟಲಿಗೆ ಹಾಕಿ ಬಿರಡೆ ಬಿಗೀಬೇಡಿ. ಡೆವಲಪರಿನ ಪೆರಾಕ್ಸೈಡಿನಿಂದ ಆಮ್ಲಜನಕ ಹೊರಡ್ತಾ ಇರುತ್ತೆ, ಬಾಟಲಿ ಉಬ್ಬಿ ಸಿಡಿಯುತ್ತೆ. ತೆರೆದ ಬಟ್ಟಲಲ್ಲೇ ರಾತ್ರಿ ಬಿಟ್ಟು, ಮರುದಿನ ಗಟ್ಟಿಯಾದದ್ದನ್ನು ಕೆರೆದು ಕಸಕ್ಕೆ ಹಾಕಿ. ಅದೇ ಬಟ್ಟಲಿಗೆ ಬ್ಲೀಚಿಂಗ್ ನೀರು ಹೊಯ್ಯಬೇಡಿ, ಕಲರಿನ ಅಮೋನಿಯಾ ಸೇರಿ ಎದೆ ಸುಡೋ ಗಾಳಿ ಏಳುತ್ತೆ. ಇಂಗುಗುಂಡಿಯ ಪಕ್ಕ ಬಾವಿ ಇರೋ ನಮ್ಮ ಕಡೆ, ಉಳಿಯದಷ್ಟು ಕಲಸೋದೇ ಮೇಲು. ಮೀಸೆಗೆ ಒಂದು ಚಮಚ ಸಾಕಾಗಿರುವಾಗ ಟ್ಯೂಬನ್ನೆಲ್ಲ ಹಿಂಡೋ ದರ್ಬಾರು ಯಾಕೆ?

ಇಷ್ಟಾದ ಮೇಲೂ ಕುಯ್ದುಕೊಂಡರೆ: ಬಾಯಿಗಿಟ್ಟು ಚೀಪಬೇಡಿ, ಹಿಂಡಬೇಡಿ. ಹರಿಯೋ ನೀರಲ್ಲಿ ಸೋಪು ಹಾಕಿ ತೊಳೆದು ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ, ಶಿವಮೊಗ್ಗದವರಾದರೆ ಮೆಗ್ಗಾನಿಗೆ. ಎಚ್‌ಐವಿ ತಡೆಯೋ ಮಾತ್ರೆ ಬೇಕಾದರೆ 72 ಗಂಟೆಯೊಳಗೆ, ಬೇಗ ಆದಷ್ಟೂ ಒಳ್ಳೇದು. ಅಂಗಡಿ ಹುಡುಗರಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರು ಡೋಸ್ ಹಾಕಿಸಿ: ಮೊದಲನೇದು, ತಿಂಗಳಿಗೆ ಎರಡನೇದು, ಆರು ತಿಂಗಳಿಗೆ ಮೂರನೇದು. ಕೂದಲು ಕೇಳಿಕೊಂಡು ಬರೋ ರೈತರೇ, ಚೀಲ ಹೊರೋ ಮೊದಲು ಅಂಗಡಿಯಲ್ಲಿ ಬ್ಲೇಡಿನ ಕ್ಯಾನ್ ಇದೆಯಾ ನೋಡಿ. ಇಲ್ಲ ಅಂದರೆ ಆ ಕೂದಲು ನಿಮಗೆ ಬೇಡ.