80 ನಿಮಿಷ ಅಂದರೆ ಯಾವ 80 ನಿಮಿಷ?

ಹೋದ ಡಿಸೆಂಬರಿನಲ್ಲಿ ಹುಬ್ಬಳ್ಳಿಯಿಂದ ಅಕ್ಕ, ಭಾವ, ಅವರ ಇಬ್ಬರು ಮಕ್ಕಳು ಗೋವಾಕ್ಕೆ ಬಂದಿದ್ದರು. ಪುಣೆಯಿಂದ ನಾನೂ ಹೋಗಿ ಸೇರಿಕೊಂಡೆ. ನಾನು ಪಾಲೊಲೆಂ ತಲುಪಿದಾಗ ಸಂಜೆಯಾಗಿತ್ತು. ಸ್ನಾನಕ್ಕೆ ಹೋದ ಅಕ್ಕ ಹೆಗಲಿಗೆ ಬಿಸಿನೀರು ತಾಗುತ್ತಿದ್ದಂತೆ ಕಿರುಚಿದ್ದು ಹೊರಗಿನವರೆಗೂ ಕೇಳಿಸಿತು. ಹೆಗಲು, ಕತ್ತಿನ ಹಿಂಭಾಗ, ಪಾದದ ಮೇಲ್ಭಾಗ ಎಲ್ಲ ಕೆಂಪಗಾಗಿತ್ತು.

ಭಾವ ಸನ್‌ಸ್ಕ್ರೀನ್ ಟ್ಯೂಬನ್ನು ನನ್ನ ಮುಂದೆ ಹಿಡಿದರು. "ನೋಡಪಾ, 80 ಮಿನಿಟ್ ವಾಟರ್ ರೆಸಿಸ್ಟೆಂಟ್ ಅಂತ ಬರದಾರ. ನಾವು ನೀರಾಗ ಇದ್ದದ್ದೂ ಅಷ್ಟ ಹೊತ್ತು. ಎಲ್ಲಾ ಸುಳ್ಳು."

ನಾನು ಕ್ರೀಮು, ಲೋಶನ್ ತಯಾರಿಸುವ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹಾಗಾಗಿ ಮನೆಮಂದಿಯ ಇಂಥ ದೂರುಗಳೆಲ್ಲ ನನ್ನ ಹತ್ತಿರವೇ ಬರುತ್ತವೆ. ಆ ದಿನ ಟ್ಯೂಬಿನ ಮೇಲಿನ ಮಾತೇನೂ ಸುಳ್ಳಾಗಿರಲಿಲ್ಲ. ಆದರೆ ಅದನ್ನು ಭಾವ ಓದಿಕೊಂಡ ಹಾಗೆ ಓದದೇ ಇರುವವರು ಕಡಿಮೆ.

ಆ 80 ನಿಮಿಷ ಹುಟ್ಟುವುದು ಸಮುದ್ರದಲ್ಲಲ್ಲ, ಲ್ಯಾಬಿನ ತೊಟ್ಟಿಯಲ್ಲಿ. ಕೆಲವರ ಬೆನ್ನಿನ ಮೇಲೆ ಒಂದು ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂನಂತೆ ಅಳೆದು ಸನ್‌ಸ್ಕ್ರೀನ್ ಹಚ್ಚುತ್ತಾರೆ. ಅದು ಒಣಗಲು ಬಿಡುತ್ತಾರೆ. ಆಮೇಲೆ ನೀರು ಮೆಲ್ಲಗೆ ಆಡುತ್ತಿರುವ ತೊಟ್ಟಿಯಲ್ಲಿ 20 ನಿಮಿಷ ಕೂರಿಸುತ್ತಾರೆ, ಹೊರಗೆ ಕರೆದು ಗಾಳಿಗೆ ಆರಲು ಬಿಡುತ್ತಾರೆ, ಮತ್ತೆ 20 ನಿಮಿಷ ಕೂರಿಸುತ್ತಾರೆ. ಹೀಗೆ ಎರಡು ಸಲ ಮುಳುಗಿದರೆ 40, ನಾಲ್ಕು ಸಲ ಮುಳುಗಿದರೆ 80. ಅಲ್ಲಿ ಟವೆಲ್ ಮುಟ್ಟುವಂತಿಲ್ಲ. ಮರಳಿಲ್ಲ, ಅಲೆಯಿಲ್ಲ, ಬೆನ್ನಿಗೆ ಜೋತುಬೀಳುವ ಮಕ್ಕಳೂ ಇಲ್ಲ. ಕೊನೆಗೆ ಚರ್ಮದ ಮೇಲೆ ಎಷ್ಟು ರಕ್ಷಣೆ ಉಳಿದಿದೆ ಎಂದು ಅಳೆಯುತ್ತಾರೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಬಿಸಿಲಿನಿಂದ ಎಷ್ಟು ರಕ್ಷಣೆ ಸಿಗುತ್ತದೆ ಎಂದು ಹೇಳುವ ಅಂಕಿಯೇ ಎಸ್‌ಪಿಎಫ್. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2011ರಲ್ಲಿ ತಂದ ನಿಯಮದ ಪ್ರಕಾರ ನೀರಿನಿಂದ ಎದ್ದ ಮೇಲೆ ಸಿಕ್ಕ ಎಸ್‌ಪಿಎಫ್ ಅನ್ನೇ ಲೇಬಲ್ಲಿನ ಮೇಲೆ ಹಾಕಬೇಕು. "ವಾಟರ್‌ಪ್ರೂಫ್", "ಸ್ವೆಟ್‌ಪ್ರೂಫ್" ಎಂಬ ಪದಗಳನ್ನೂ ಅವರು ಆಗಲೇ ತೆಗೆಸಿದರು. ಯುರೋಪಿನ ಪದ್ಧತಿ ಬೇರೆ. ಅಲ್ಲಿ ನೀರಿನಲ್ಲಿ ನೆನೆದ ಮೇಲೆ ಮೊದಲಿದ್ದ ಎಸ್‌ಪಿಎಫ್‌ನ ಅರ್ಧವಾದರೂ ಉಳಿದಿದ್ದರೆ ವಾಟರ್ ರೆಸಿಸ್ಟೆಂಟ್ ಎಂದು ಬರೆಯಬಹುದು. ಅಂದರೆ ಒಣಗಿದಾಗ 50 ಇದ್ದದ್ದು ನೀರಿನಿಂದ ಎದ್ದಾಗ 25 ಆಗಿದ್ದರೂ ಅದು ಪಾಸು. 50ರಲ್ಲಿ ಚರ್ಮ ಸುಡುವ ಕಿರಣಗಳಲ್ಲಿ ಐವತ್ತರಲ್ಲೊಂದು ಪಾಲು ಒಳಗೆ ಇಳಿದರೆ, 25ರಲ್ಲಿ ಇಪ್ಪತ್ತೈದರಲ್ಲೊಂದು ಪಾಲು ಇಳಿಯುತ್ತದೆ. ಮೈಗೆ ಬೀಳುವ ಪೆಟ್ಟು ಎರಡರಷ್ಟಾಯಿತು. ಟ್ಯೂಬು ಯಾವ ಪದ್ಧತಿಯದೆಂದು ಅಂಗಡಿಯಲ್ಲಿ ನಿಂತು ಪತ್ತೆ ಮಾಡುವುದು ಕಷ್ಟ. ನಾನಂತೂ ಅರ್ಧ ಹೋಗಿದೆ ಎಂದೇ ಲೆಕ್ಕ ಹಿಡಿಯುತ್ತೇನೆ. ನಿಮಿಷವನ್ನೇ ಬರೆಯದೆ ಬರೀ ವಾಟರ್ ರೆಸಿಸ್ಟೆಂಟ್ ಎಂದಿದ್ದರೆ 40 ಅಂದುಕೊಳ್ಳುತ್ತೇನೆ.

ಈಗ ಅಕ್ಕನ ಬೆಳಗು ನೋಡಿ. ಬೀಚಿಗೆ ಬಂದು 10 ಗಂಟೆಗೆ ಹಚ್ಚಿಕೊಂಡಳು, ಹಚ್ಚಿದ ಕೈಯಲ್ಲೇ ನೀರಿಗೆ ಇಳಿದಳು. ಮೊದಲ ತಪ್ಪು ಅದು. ಈ ಕ್ರೀಮುಗಳಲ್ಲಿ ನೀರಿಗೆ ಕರಗದ ಪಾಲಿಮರ್ ಇರುತ್ತದೆ. ಕ್ರೀಮಿನೊಳಗಿನ ನೀರು ಆರಿದ ಮೇಲೆ ಅದು ಚರ್ಮದ ಮೇಲೆ ತೆಳ್ಳಗೆ ಪೊರೆ ಕಟ್ಟುತ್ತದೆ. ಅದಕ್ಕೆ ಹದಿನೈದು ಇಪ್ಪತ್ತು ನಿಮಿಷ ಬೇಕು. ಪೊರೆ ಕಟ್ಟುವ ಮೊದಲೇ ಇಳಿದರೆ ಸಮುದ್ರಕ್ಕೆ ಹಚ್ಚಿದಂತೆ.

10:40ಕ್ಕೆ ಹೊರಗೆ ಬಂದು ಟವೆಲಿನಿಂದ ಗಸಗಸ ಉಜ್ಜಿಕೊಂಡಳು. ಅಲ್ಲಿಗೆ ಉಳಿದದ್ದರಲ್ಲೂ ಬಹುಪಾಲು ಟವೆಲಿಗೆ ಹೋಯಿತು. ಎಳನೀರು ಕುಡಿದು, ಫೋಟೊ ತೆಗೆಸಿಕೊಂಡು 11:15ಕ್ಕೆ ಮತ್ತೆ ನೀರಿಗಿಳಿದಳು, ಎದ್ದದ್ದು 12ಕ್ಕೆ. ಭಾವನ ಲೆಕ್ಕದಲ್ಲಿ 40ಕ್ಕೆ 45 ಕೂಡಿದರೆ 85, ಐದು ನಿಮಿಷ ಹೆಚ್ಚಾಯಿತು, ಅಷ್ಟೇ. ಅವರು ಅದನ್ನು ಬ್ಯಾಂಕಿನ ಬ್ಯಾಲೆನ್ಸ್ ಥರ ನೋಡಿದ್ದರು: ನೀರಿನಲ್ಲಿದ್ದಾಗ ಖರ್ಚು, ದಡದಲ್ಲಿದ್ದಾಗ ಹಾಗೇ ಜಮಾ. ನಿಜದಲ್ಲಿ ಟವೆಲ್ ಮುಟ್ಟಿದ ಕ್ಷಣಕ್ಕೆ ಹಳೆಯ ಲೆಕ್ಕ ಮುಗಿಯುತ್ತದೆ, ಅಲ್ಲೇ ಮತ್ತೆ ಹಚ್ಚಬೇಕು. ಟವೆಲ್ ಮುಟ್ಟದಿದ್ದರೂ ನೀರಿನಲ್ಲಿ 80 ನಿಮಿಷವಾದರೆ ಹಚ್ಚಬೇಕು. ನೀರಿಗೇ ಇಳಿಯದೆ ಬಿಸಿಲಲ್ಲಿ ಕೂತಿದ್ದರೆ ಎರಡು ಗಂಟೆಗೊಮ್ಮೆ. ಈ ಮೂರರಲ್ಲಿ ಯಾವುದು ಮೊದಲು ಬರುತ್ತದೋ ಅದು.

"ಉರಿದಿದ್ರ ಎದ್ದು ಬರ್ತಿದ್ದೆ. ಏನೂ ಆಗಿದ್ದಿಲ್ಲ ನನಗ" ಎಂದಳು ಅಕ್ಕ. ಆಗುವುದೂ ಇಲ್ಲ. ನೀರು ಚರ್ಮವನ್ನು ತಂಪಾಗಿಡುತ್ತದೆ, ಆದರೆ ಚರ್ಮ ಸುಡುವ ಕಿರಣಗಳನ್ನು ಪೂರ್ತಿ ತಡೆಯುವುದಿಲ್ಲ. ಅರ್ಧ ಮೀಟರ್ ಆಳದಲ್ಲೂ ಮೇಲಿನ ಶೇ. 40ರಷ್ಟು ಇರುತ್ತವೆ. ಕೆಂಪು ಕಾಣಿಸಿಕೊಳ್ಳಲು ಮೂರ್ನಾಲ್ಕು ಗಂಟೆ ಬೇಕು, ಅದು ಜೋರಾಗುವುದು ಮರುದಿನ. ಉರಿ ಗೊತ್ತಾದಾಗ ನೀರಿನಿಂದ ಎದ್ದರಾಯಿತು ಎನ್ನುವವರಿಗೆ ಅದು ಗೊತ್ತಾಗುವುದು ಮಧ್ಯಾಹ್ನ ಊಟ ಮಾಡಿ ಮಲಗಿದಾಗ. ನಮ್ಮ ಮೈಬಣ್ಣಕ್ಕೆ ಇದೆಲ್ಲ ಬೇಕಾಗಿಲ್ಲ ಅನ್ನುವ ಮಾತೂ ಬಂತು. ಬಣ್ಣ ಸ್ವಲ್ಪ ಕಾಯುತ್ತದೆ, ನಿಜ. ಎಷ್ಟು ಕಾಯಿತು ಎನ್ನುವುದು ಅಕ್ಕನ ಹೆಗಲ ಮೇಲೇ ಇತ್ತು.

ಆಮೇಲೆ ಟ್ಯೂಬಿನ ತೂಕ ಕೇಳಿದೆ. 50 ಗ್ರಾಂ. ನಾಲ್ಕು ಜನ ಹಚ್ಚಿಕೊಂಡು ಇನ್ನೂ ಅರ್ಧ ಉಳಿದಿತ್ತು! ಲ್ಯಾಬಿನ ಅಳತೆಯಂತೆ ದೊಡ್ಡವರೊಬ್ಬರ ಇಡೀ ಮೈಗೆ ಸುಮಾರು 35 ಮಿಲಿಲೀಟರ್, ಅಂದರೆ ಏಳು ಟೀ ಚಮಚ ಬೇಕು: ಮುಖ, ಕತ್ತು, ಕಿವಿಗೆ ಸೇರಿ ಒಂದು, ಒಂದೊಂದು ತೋಳಿಗೆ ಒಂದು, ಒಂದೊಂದು ಕಾಲಿಗೆ ಒಂದು, ಎದೆಹೊಟ್ಟೆಗೆ ಒಂದು, ಬೆನ್ನಿಗೆ ಒಂದು. ಆ ಟ್ಯೂಬು ಒಬ್ಬರಿಗೇ ಎರಡನೇ ಸಲಕ್ಕೆ ಸಾಲದು. ಇಷ್ಟು ತೆಳ್ಳಗೆ ಸವರಿದರೆ 80 ನಿಮಿಷದ ಮಾತು ಹಾಗಿರಲಿ, ಟ್ಯೂಬಿನ ಮೇಲಿನ ಎಸ್‌ಪಿಎಫ್ 50 ಎಂಬ ಅಂಕಿಯೂ ಅನ್ವಯಿಸುವುದಿಲ್ಲ.

ಮಧ್ಯಮ ವರ್ಗದ ಮನೆಗೆ ಈ ಲೆಕ್ಕ ಕೈಗೆಟುಕುವಂಥದ್ದಲ್ಲ, ಒಪ್ಪುತ್ತೇನೆ. ಹಾಗಾಗಿ ನನ್ನ ಅಭಿಪ್ರಾಯ ನನ್ನ ಕೆಲಸಕ್ಕೇ ವಿರುದ್ಧವಾದದ್ದು: ನೀರಿಗೆ ಇಳಿಯುವವರು ದುಬಾರಿ ಕ್ರೀಮಿಗಿಂತ ಮೊದಲು ಈಜಿನ ತುಂಬುತೋಳಿನ ಟೀ ಶರ್ಟ್ ಕೊಳ್ಳಿ. ಮೊಣಕಾಲು ಮುಚ್ಚುವ ಚಡ್ಡಿಯೂ ಇದ್ದರೆ ಉಳಿಯುವುದು ಮುಖ, ಕತ್ತು, ಕಿವಿ, ಅಂಗೈ ಹಿಂಭಾಗ, ಮೀನಖಂಡ, ಪಾದ. ಎರಡೂವರೆ ಚಮಚದಲ್ಲಿ ಮುಗಿಯುತ್ತದೆ, ಮತ್ತೆ ಮತ್ತೆ ಹಚ್ಚಲು ಕೈ ಹಿಂಜರಿಯುವುದಿಲ್ಲ.

ಬೆವರಿನ ಕತೆ ಇನ್ನೂ ಸ್ವಲ್ಪ ಕಷ್ಟ. ತೊಟ್ಟಿಯ ಪರೀಕ್ಷೆಯಲ್ಲಿ ನೀರು ಹೊರಗಿನಿಂದ ಬರುತ್ತದೆ, ಬೆವರು ಪೊರೆಯ ಕೆಳಗಿನಿಂದ ಬರುತ್ತದೆ. ಸಿಂಹಗಡ ಹತ್ತುವಾಗ ನನ್ನ ಹಣೆಯ ಸನ್‌ಸ್ಕ್ರೀನ್ ಮೊದಲ ಅರ್ಧ ಗಂಟೆಯಲ್ಲೇ ಕಣ್ಣಿಗಿಳಿದು ಉರಿಯುತ್ತದೆ, ಕರ್ಚೀಫಿನಲ್ಲಿ ಒರೆಸಿದರೆ ಉಳಿದದ್ದೂ ಹೋಗುತ್ತದೆ. ಈಗ ಹಣೆಯನ್ನು ಟೋಪಿಗೆ ಬಿಟ್ಟಿದ್ದೇನೆ. ಉಳಿದ ಕಡೆ ಒರೆಸುವುದಿಲ್ಲ, ಒತ್ತಿ ತೆಗೆಯುತ್ತೇನೆ. ಬೆವರು ಸುರಿಯುತ್ತಿರುವ ಚರ್ಮಕ್ಕೆ ಹಚ್ಚಿದರೆ ಬಿಳಿ ಗೆರೆಗಳಾಗಿ ಜಾರುತ್ತದೆ, ಹಾಗಾಗಿ ನೆರಳಲ್ಲಿ ಕೂತು ಮೈ ಆರಿದ ಮೇಲೆಯೇ ಹಚ್ಚುವುದು.

ಮರುದಿನ ಅಕ್ಕ ನೀರಿಗೆ ಇಳಿಯಲಿಲ್ಲ, ಭಾವನ ಹತ್ತಿಯ ತುಂಬುತೋಳಿನ ಅಂಗಿ ಹಾಕಿಕೊಂಡು ನೆರಳಲ್ಲಿ ಕೂತಿದ್ದಳು. ಮಕ್ಕಳಿಗೆ ರೂಮಿನಲ್ಲೇ ಹಚ್ಚಿ, 20 ನಿಮಿಷ ಕಾರ್ಟೂನ್ ತೋರಿಸಿ ಕರೆದುಕೊಂಡು ಹೋದೆವು. ಸಣ್ಣವನು ನೀರಿನಿಂದ ಓಡಿಬಂದು ಟವೆಲಿಗೆ ಕೈಚಾಚಿದ ಕೂಡಲೇ ಭಾವ ಕೂಗಿದರು: "ಏ, ಉಜ್ಜಬ್ಯಾಡಲೇ, ಮಾಮಾ ನೋಡ್ತಾನ!"