ಪಿಚ್ ಡೆಕ್‌ನಲ್ಲಿ ಸ್ಥಾಪಕರ ಪರಿಚಯ: ಹೂಡಿಕೆದಾರರು ಹುಡುಕುವುದು ಡಿಗ್ರಿಯನ್ನಲ್ಲ

ಹೂಡಿಕೆ ಕೇಳಲು ಹೋಗುವವರ ಪಿಚ್ ಡೆಕ್‌ಗಳಲ್ಲಿ, ಅಂದರೆ ಹೂಡಿಕೆದಾರರಿಗೆ ತೋರಿಸುವ ಸ್ಲೈಡುಗಳ ಕಟ್ಟಿನಲ್ಲಿ, ಅತಿ ಕಡಿಮೆ ಶ್ರಮ ಬೀಳುವ ಸ್ಲೈಡ್ ಯಾವುದು ಅಂದರೆ ತಂಡದ ಸ್ಲೈಡ್. ದುಂಡಗೆ ಕತ್ತರಿಸಿದ ಫೋಟೊ, ಕೆಳಗೆ ಓದಿದ ಕಾಲೇಜು, ಕೆಲಸ ಮಾಡಿದ ಕಂಪನಿಗಳ ಲೋಗೊ, '12 ವರ್ಷಗಳ ಅಪಾರ ಅನುಭವ' ಅಂತ ಒಂದು ಸಾಲು. ಮುಗಿಯಿತು. ಆದರೆ ಆರಂಭದ ಹಂತದಲ್ಲಿ ಕಂಪನಿಗೆ ಮಾರಾಟವಿಲ್ಲ, ಲಾಭವಿಲ್ಲ, ಕೆಲವೊಮ್ಮೆ ಸಾಮಾನೇ ತಯಾರಾಗಿರುವುದಿಲ್ಲ. ತೂಗಿ ನೋಡಲು ಇರುವುದು ಮನುಷ್ಯರು ಮಾತ್ರ. ಆ ಸ್ಲೈಡಿನಲ್ಲಿ ಹೂಡಿಕೆದಾರರು ಎರಡೇ ಪ್ರಶ್ನೆಗೆ ಉತ್ತರ ಹುಡುಕುತ್ತಾರೆ. ಈ ಸಮಸ್ಯೆಯ ಬಗ್ಗೆ ಇವರಿಗೆ ಗೊತ್ತಿದ್ದು ಬೇರೆಯವರಿಗೆ ಗೊತ್ತಿಲ್ಲದ್ದು ಏನು? ಇಂಥದ್ದೇ ಕೆಲಸವನ್ನು ಇವರು ಹಿಂದೆ ಮಾಡಿ ತೋರಿಸಿದ್ದಾರಾ? ಶುರುವಾದ ಕಥೆ ಮೊದಲನೆಯದಕ್ಕೆ ಉತ್ತರ ಕೊಡಬೇಕು, ಕೆಲಸದ ದಾಖಲೆ ಎರಡನೆಯದಕ್ಕೆ. ಎರಡೂ ಬೇರೆ ಬೇರೆ ದಿಕ್ಕಿಗೆ ನೋಡುತ್ತಿದ್ದರೆ ಬಯೋ, ಅಂದರೆ ಸ್ಥಾಪಕರ ಕಿರುಪರಿಚಯ, ಎಷ್ಟೇ ಚೆನ್ನಾಗಿ ಬರೆದರೂ ನಿಲ್ಲುವುದಿಲ್ಲ.

ರೆಡ್‌ಬಸ್ ಕಥೆ ಬಹಳ ಜನರಿಗೆ ಗೊತ್ತು. 2005ರ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೋಗಲು ಅದರ ಸ್ಥಾಪಕರಲ್ಲಿ ಒಬ್ಬರಾದ ಫಣೀಂದ್ರ ಸಾಮ ಅವರಿಗೆ ಬಸ್ ಟಿಕೆಟ್ ಸಿಗಲಿಲ್ಲ. ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಹಬ್ಬಕ್ಕೆ ಟಿಕೆಟ್ ಸಿಗದೆ ವಾಪಸಾದವರು ಆ ವರ್ಷ ಬೆಂಗಳೂರಿನಲ್ಲಿ ಎಷ್ಟೋ ಮಂದಿ ಇದ್ದರು, ಅದರಲ್ಲಿ ವಿಶೇಷವೇನೂ ಇಲ್ಲ. ಕಥೆಯ ತಿರುಳು ಆಮೇಲಿನದು. ಅವರು ಟ್ರಾವೆಲ್ ಏಜೆಂಟರು ಮತ್ತು ಬಸ್ ಮಾಲೀಕರ ಹತ್ತಿರ ಹೋಗಿ ಸೀಟು ಹೇಗೆ ಮಾರಾಟವಾಗುತ್ತದೆ ಅಂತ ಕೇಳಿ ತಿಳಿದುಕೊಂಡರು. ಯಾವ ಬಸ್ಸಿನಲ್ಲಿ ಎಷ್ಟು ಸೀಟು ಉಳಿದಿದೆ ಅನ್ನುವುದು ಒಂದೇ ಕಡೆ ಗೊತ್ತಾಗುವ ವ್ಯವಸ್ಥೆಯೇ ಇರಲಿಲ್ಲ. ಒಬ್ಬ ಏಜೆಂಟನ ಹತ್ತಿರ ಸೀಟು ಇಲ್ಲ ಅಂದರೆ ಬಸ್ಸಿನಲ್ಲೇ ಇಲ್ಲ ಅಂತ ಅರ್ಥವಲ್ಲ. ಮೂವರು ಸ್ಥಾಪಕರೂ ಎಂಜಿನಿಯರುಗಳು, ಬಸ್ ವ್ಯವಹಾರದ ಅನುಭವ ಯಾರಿಗೂ ಇರಲಿಲ್ಲ. ಇಂಥವರ ಬಯೋದಲ್ಲಿ ದಾಖಲೆಯ ಜಾಗವನ್ನು ತುಂಬುವುದು ಆ ಓಡಾಟವೇ. ಎಷ್ಟು ಜನರನ್ನು ಕೇಳಿದಿರಿ, ಏನು ಗೊತ್ತಾಯಿತು, ಆಮೇಲೆ ಯೋಜನೆಯಲ್ಲಿ ಏನು ಬದಲಾಯಿತು ಅನ್ನುವುದನ್ನು ಬರೆಯಬೇಕು.

ಈಗ ಅನುಭವ ಇರುವವರ ಒಂದು ಬಯೋ ತಿದ್ದೋಣ. ಉದಾಹರಣೆಗೆಂದು ಕಟ್ಟಿದ ವ್ಯಕ್ತಿ ಇವರು, ಅಂಕಿಗಳೂ ಕಟ್ಟಿದವೇ. ಕೋಲಾರದ ಟೊಮೆಟೊವನ್ನು ಚೆನ್ನೈಗೆ ಸಾಗಿಸುವ ಸ್ಟಾರ್ಟಪ್ ಅಂದುಕೊಳ್ಳಿ. ಮೊದಲ ಕರಡಿನಲ್ಲಿ ಹೀಗಿತ್ತು: 'ಬಾಲ್ಯದಿಂದಲೂ ರೈತರ ಕಷ್ಟ ನೋಡಿ ಬೆಳೆದವರು. ಪ್ರತಿಷ್ಠಿತ ಲಾಜಿಸ್ಟಿಕ್ಸ್ ಕಂಪನಿಗಳಲ್ಲಿ 9 ವರ್ಷಗಳ ಅನುಭವ. ನಾಯಕತ್ವದಲ್ಲಿ ನಿಪುಣರು.' ಇದರಲ್ಲಿ ಸುಳ್ಳೇನೂ ಇಲ್ಲ, ಆದರೆ ಪರೀಕ್ಷಿಸಿ ನೋಡಬಹುದಾದ ಮಾತೂ ಒಂದಿಲ್ಲ.

ಮೊದಲು 9 ವರ್ಷವನ್ನು ಬಿಡಿಸಬೇಕು. 3 ವರ್ಷ ಕೊರಿಯರ್ ಗೋದಾಮು, 2 ವರ್ಷ ಮಾರಾಟ ವಿಭಾಗ, 4 ವರ್ಷ ತರಕಾರಿ ಲಾರಿಗಳ ವೇಳಾಪಟ್ಟಿ. ಈ ಕಂಪನಿಗೆ ಬೇಕಾದದ್ದು ಕೊನೆಯ 4 ವರ್ಷ ಮಾತ್ರ, ಉಳಿದ ಐದನ್ನು ಸ್ಲೈಡಿನಿಂದ ತೆಗೆಯಿರಿ. ಆ 4 ವರ್ಷದಲ್ಲಿ ಇವರು ಸ್ವತಃ ಏನು ಬದಲಿಸಿದರು? ಹರಾಜು ಮುಗಿದ ಮೇಲೆ ಲಾರಿ ತುಂಬುವವರೆಗೆ ಕಾಯುವುದು ಮಂಡಿಯಲ್ಲಿ ರೂಢಿ. 600 ಬಾಕ್ಸ್ ಹಿಡಿಯುವ ಲಾರಿಗೆ 540 ಬಾಕ್ಸ್ ಬಂದಿದ್ದರೆ ಇನ್ನು 60ಕ್ಕಾಗಿ ಬಿಸಿಲಿನಲ್ಲಿ ಮೂರು ಗಂಟೆ ನಿಲ್ಲಿಸುತ್ತಾರೆ. ಅಷ್ಟರಲ್ಲಿ ಹಣ್ಣು ಮೆತ್ತಗಾಗಿ, ಕೆಳಗಿನ ಬಾಕ್ಸುಗಳು ದಾರಿಯಲ್ಲೇ ಒಡೆಯುತ್ತವೆ. ಇವರು ಲಾರಿ ತುಂಬಲಿ ಬಿಡಲಿ, ಹೊತ್ತಿಗೆ ಸರಿಯಾಗಿ ಹೊರಡಿಸಿದರು. ಬಾಡಿಗೆ 12,000 ರೂಪಾಯಿ ಅಂದರೆ ಬಾಕ್ಸಿಗೆ 20 ಇದ್ದದ್ದು 22 ಚಿಲ್ಲರೆ ಆಯಿತು. ಆದರೆ 100 ಬಾಕ್ಸಿಗೆ 11 ಹಾಳಾಗುತ್ತಿದ್ದದ್ದು 6ಕ್ಕೆ ಇಳಿಯಿತು. 540 ಬಾಕ್ಸಿನ ಪ್ರತಿ ಲಾರಿಗೆ 27 ಬಾಕ್ಸ್ ಉಳಿದ ಹಾಗೆ. ಬಾಕ್ಸಿಗೆ 200 ರೂಪಾಯಿ ಹಿಡಿದರೂ 5,400 ರೂಪಾಯಿ. ಹೆಚ್ಚುವರಿ ಬಾಡಿಗೆಯ ಹೊರೆ 1,200 ಮಾತ್ರ.

ಈ ಲೆಕ್ಕವೇ ಇವರ ಶುರುವಾದ ಕಥೆ. ಬಾಲ್ಯದ ಕಷ್ಟ ಬೇಕಾಗಿಲ್ಲ. ತಿದ್ದಿದ ಮೇಲೆ ಬಯೋ ಹೀಗಾಗುತ್ತದೆ: 'ಕೋಲಾರ–ಚೆನ್ನೈ ಮಾರ್ಗದಲ್ಲಿ 4 ವರ್ಷ 22 ಲಾರಿಗಳ ವೇಳಾಪಟ್ಟಿ ನೋಡಿಕೊಂಡವರು. ಲಾರಿ ತುಂಬಲು ಕಾಯದೆ ನಿಗದಿತ ಹೊತ್ತಿಗೆ ಹೊರಡಿಸುವ ಪದ್ಧತಿ ತಂದು, 100 ಬಾಕ್ಸಿಗೆ 11 ಇದ್ದ ನಷ್ಟವನ್ನು 8 ತಿಂಗಳಲ್ಲಿ 6ಕ್ಕೆ ಇಳಿಸಿದರು. ಇಲ್ಲಿ ಮಂಡಿ ಮತ್ತು ಲಾರಿ ವ್ಯವಸ್ಥೆ ಇವರ ಹೊಣೆ. ಪೂರ್ಣಾವಧಿ.' ಒಬ್ಬರಿಗೆ ಇಷ್ಟು ಸಾಕು, ಇಂಗ್ಲಿಷಿನಲ್ಲಿ ಬರೆದರೆ ಸುಮಾರು 50 ಪದ. ಲಾರಿಯ ಲೆಕ್ಕವನ್ನು ಸಮಸ್ಯೆಯ ಸ್ಲೈಡಿನಲ್ಲಿ ಹಾಕಿ, ಅಥವಾ ಬಾಯಲ್ಲಿ ಒಂದೂವರೆ ನಿಮಿಷದಲ್ಲಿ ಹೇಳಿ. 'ಪೂರ್ಣಾವಧಿ' ಅನ್ನುವ ಪದವನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಕೇಳುವ ಮೊದಲ ಪ್ರಶ್ನೆಯೇ, ಕೆಲಸ ಬಿಟ್ಟಿದ್ದೀರಾ ಇಲ್ಲವಾ ಅಂತ.

ಇನ್ನು ಎಲ್ಲಿ ಎಡವುತ್ತಾರೆ ಅನ್ನುವುದು. ಮೊದಲನೆಯದು 'ನಾವು' ಮಾಡಿದ್ದನ್ನು 'ನಾನು' ಮಾಡಿದೆ ಅನ್ನುವುದು. ನಷ್ಟ ಇಳಿಸಿದ್ದು ಹತ್ತು ಜನರ ತಂಡವಾಗಿದ್ದು, ಇವರು ಅದರಲ್ಲಿ ಒಬ್ಬರಾಗಿದ್ದರೆ ಹಾಗೆಯೇ ಬರೆಯಬೇಕು. ಹೂಡಿಕೆದಾರರು ನೀವು ಕೊಟ್ಟ ರೆಫರೆನ್ಸ್‌ಗಳಿಗಷ್ಟೇ ಫೋನ್ ಮಾಡಿ ಸುಮ್ಮನಾಗುವುದಿಲ್ಲ. ನೀವು ಹೆಸರು ಕೊಡದ ಹಳೆಯ ಸಹೋದ್ಯೋಗಿಯನ್ನೂ ಹುಡುಕಿ ಕೇಳುತ್ತಾರೆ. ಅವರು 'ಅದನ್ನು ಮಾಡಿದ್ದು ನಮ್ಮ ಮ್ಯಾನೇಜರ್' ಅಂದರೆ ಆ ಒಂದು ಸಾಲಿನ ಜೊತೆಗೆ ಉಳಿದ ಸ್ಲೈಡುಗಳ ಅಂಕಿಗಳ ಮೇಲೂ ಅನುಮಾನ ಹುಟ್ಟುತ್ತದೆ.

ಎರಡನೆಯದು ಹಳೆಯ ಕಂಪನಿ. ಭಾರತದಲ್ಲಿ ನಿರ್ದೇಶಕರಾಗಿದ್ದವರ ದಾಖಲೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಪೋರ್ಟಲ್‌ನಲ್ಲಿ ಸಿಗುತ್ತದೆ. ಯಾವಾಗ ಸೇರಿದರು, ಯಾವಾಗ ಬಿಟ್ಟರು, ಕಂಪನಿಯ ಹೆಸರು ರಿಜಿಸ್ಟರಿನಿಂದ ತೆಗೆದುಹಾಕಿದ್ದಾರಾ ಎಲ್ಲವೂ ಅಲ್ಲಿರುತ್ತದೆ. ಮುಚ್ಚಿದ ಕಂಪನಿಯನ್ನು ಮರೆಮಾಡುವುದಕ್ಕಿಂತ '2019ರಿಂದ 2021, ಮುಚ್ಚಿದೆವು, ಕಾರಣ ಹಣ ವಸೂಲಿ 90 ದಿನ ತಡವಾಗುತ್ತಿತ್ತು' ಅಂತ ಒಂದು ಸಾಲು ಬರೆಯುವುದು ಎಷ್ಟೋ ಮೇಲು. ಕಂಪ್ಯೂಟರು, ಕುರ್ಚಿ ಮಾರಿ ಮುಗಿಸಿದ್ದನ್ನು, ಕಂಪನಿಯನ್ನೇ ಲಾಭಕ್ಕೆ ಮಾರಿ ಹೊರಬಂದ ಹಾಗೆ, 'ಎಕ್ಸಿಟ್' ಅಂತ ಕರೆಯುವುದಂತೂ ಬೇಡವೇ ಬೇಡ. ಲಿಂಕ್ಡ್‌ಇನ್‌ನಲ್ಲಿರುವ ತಿಂಗಳು, ವರ್ಷ ಡೆಕ್‌ಗೆ ಹೊಂದುತ್ತವಾ ಅಂತ ಕಳುಹಿಸುವ ಮುಂಚೆ ಪಕ್ಕಪಕ್ಕ ಇಟ್ಟು ನೋಡಿ.

ಮೂರನೆಯದು ಬಹಳ ಜನರ ಗಮನಕ್ಕೇ ಬರುವುದಿಲ್ಲ. 'ಕೆಲಸದಲ್ಲಿದ್ದಾಗಲೇ ರಾತ್ರಿ ಹೊತ್ತು ಕೂತು ಆ್ಯಪ್ ಕಟ್ಟಿದೆ' ಅಂತ ಹೆಮ್ಮೆಯಿಂದ ಬರೆದಿರುತ್ತಾರೆ. ಅದನ್ನು ಓದಿದ ಹೂಡಿಕೆದಾರರ ವಕೀಲರು ಮೊದಲು ಕೇಳುವುದು ಹಳೆಯ ಕಂಪನಿಯ ನೇಮಕಾತಿ ಪತ್ರ. ನೌಕರಿಯಲ್ಲಿದ್ದಾಗ ಮಾಡಿದ ಕೆಲಸದ ಹಕ್ಕು ಕಂಪನಿಯದು ಅನ್ನುವ ಷರತ್ತು ಅದರಲ್ಲಿದ್ದರೆ ಆ ಕೋಡ್ ಯಾರದ್ದು ಅನ್ನುವ ಪ್ರಶ್ನೆ ಏಳುತ್ತದೆ. ಆ ಸಾಲು ಬರೆಯುವ ಮುಂಚೆ ಪತ್ರವನ್ನು ತೆಗೆದು ಓದಿ. ಹಾಗೆಯೇ ಹಳೆಯ ಕಂಪನಿಯ ಒಳಗಿನ ಅಂಕಿಗಳನ್ನು ಹೊರಗೆ ಹೇಳಲು ನಿಮಗೆ ಹಕ್ಕಿದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಶೇಕಡಾವಾರು ಬದಲಾವಣೆಗೆ ಮಾತ್ರ ಒಪ್ಪಿಗೆ ಕೇಳಿ, ಅಥವಾ ಆ ಅಂಕಿಯನ್ನೇ ಬಿಡಿ.

ಕಥೆಗೆ ಬಣ್ಣ ಹಚ್ಚುವವರು ಆನ್‌ಲೈನ್ ಹರಾಜಿನ ಸೈಟ್ ಇಬೇಯ ಉದಾಹರಣೆ ಕೊಡುತ್ತಾರೆ. ಭಾವಿ ಹೆಂಡತಿಯ ಪೆಜ್ ಡಿಸ್ಪೆನ್ಸರ್ ಅನ್ನುವ ಪುಟ್ಟ ಮಿಠಾಯಿ ಡಬ್ಬಿಗಳ ಸಂಗ್ರಹಕ್ಕಾಗಿ ಸ್ಥಾಪಕರು ಆ ಸೈಟ್ ಶುರುಮಾಡಿದರು ಅನ್ನುವ ಕಥೆ ಪತ್ರಿಕೆಗಳಿಗಾಗಿ ಪ್ರಚಾರ ವಿಭಾಗದವರು ಕಟ್ಟಿದ್ದು ಅಂತ ಆಮೇಲೆ ಬಯಲಾಯಿತು, ಕಂಪನಿಗೆ ಏನೂ ಆಗಲಿಲ್ಲ ಅಂತ ಅವರ ವಾದ. ಆದರೆ ಆ ಕಥೆ ಹೊರಟದ್ದು ಪತ್ರಿಕೆಗಳಿಗೆ. ಪಿಚ್ ಡೆಕ್ ಹೋಗುವುದು ಹಣ ಕೊಡುವವರ ಕೈಗೆ. ಕೊನೆಗೆ ಸಹಿ ಬೀಳುವ ಒಪ್ಪಂದದಲ್ಲಿ, ಕೊಟ್ಟ ಮಾಹಿತಿ ನಿಜ ಅಂತ ಸ್ಥಾಪಕರೇ ಭರವಸೆ ಬರೆದುಕೊಡಬೇಕಾಗುತ್ತದೆ.