ಊಟದ ಜೊತೆ ನೀರು: ಜೀರ್ಣರಸ ತೆಳುವಾಗುತ್ತಾ?

ಪರ: ಚೊಂಬು ದೂರ ಇರಲಿ

ನಮ್ಮದು ಶಿರಾ ಕಡೆ. ರಾತ್ರಿ ಮುದ್ದೆ, ಬಸ್ಸಾರು. ಮಾವನವರು ತಟ್ಟೆ ಪಕ್ಕ ನೀರಿನ ಚೊಂಬು ಇಟ್ಟುಕೊಂಡೇ ಕೂರುತ್ತಿದ್ದರು. ಎರಡು ತುತ್ತಿಗೆ ಒಂದು ಗುಟುಕು, ಕೊನೆಗೆ ಉಳಿದದ್ದನ್ನೆಲ್ಲ ಎತ್ತಿ ಗಟಗಟ ಕುಡಿದು, ಕೈ ಒರೆಸಿಕೊಂಡು ಹಾಗೇ ಮಲಗುವುದು. ನಡುರಾತ್ರಿ ಎದೆಯುರಿ, ಹುಳಿತೇಗು ಅಂತ ಎದ್ದು ಕೂರುತ್ತಿದ್ದರು. ಅತ್ತೆ ಒಂದು ದಿನ ಚೊಂಬನ್ನೇ ಎತ್ತಿಟ್ಟರು. ಊಟ ಆಗಿ ಒಂದು ಗಂಟೆ ಆದ ಮೇಲೆಯೇ ನೀರು ಕೊಟ್ಟರು. ಎರಡು ವಾರದಲ್ಲಿ ಮಾವನವರು ಬೆಳಗಿನವರೆಗೆ ನಿದ್ದೆ ಮಾಡಲು ಶುರು ಮಾಡಿದರು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಕಾರಣವೂ ಕಷ್ಟದ್ದೇನಲ್ಲ. ಹೊಟ್ಟೆಯ ರಸದಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇದೆ, ಪೆಪ್ಸಿನ್ ಇದೆ. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನನ್ನು ಮೊದಲು ಒಡೆಯುವುದು ಈ ಪೆಪ್ಸಿನ್, ಮತ್ತು ಅದಕ್ಕೆ ಹುಳಿ ಜೋರಾಗಿರಬೇಕು, ಅಂದರೆ ಪಿಎಚ್ 2ರ ಆಸುಪಾಸು. ಪಿಎಚ್ ಏರಿದಷ್ಟೂ ಹುಳಿ ಕಡಿಮೆ. 5 ದಾಟಿದರೆ ಪೆಪ್ಸಿನ್ ಕೆಲಸ ಹೆಚ್ಚುಕಡಿಮೆ ನಿಂತಂತೆ. ಖಾಲಿ ಹೊಟ್ಟೆಗೆ ಒಂದು ಲೋಟ ನೀರು ಬಿದ್ದರೆ ಹುಳಿ ಒಂದೆರಡು ನಿಮಿಷದಲ್ಲೇ ಇಳಿಯುತ್ತದೆ. ಹುಳಿ ಮಜ್ಜಿಗೆಗೆ ಚೊಂಬು ನೀರು ಸುರಿದರೆ ಸಪ್ಪೆಯಾಗುತ್ತೆ ಅಲ್ವಾ? ಹೊಟ್ಟೆಯಲ್ಲೂ ಅದೇ ಆಗುತ್ತದೆ ಅನ್ನುವುದು ನನ್ನ ನಂಬಿಕೆ.

ವಿರೋಧ: ಮಜ್ಜಿಗೆ ಪಾತ್ರೆ ಬೇರೆ, ಹೊಟ್ಟೆ ಬೇರೆ

ಅಕ್ಕ ಹೇಳಿದ್ದು ಸುಳ್ಳು ಅಂತ ನಾನು ಹೇಳುವುದಿಲ್ಲ. ಚೊಂಬು ಎತ್ತಿಟ್ಟಿದ್ದೂ ಒಳ್ಳೆಯದೇ ಆಯಿತು. ಆದರೆ ಕಾರಣ ಬೇರೆ. ನಾನು ಚಿಂತಾಮಣಿಯಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವನು, ಈ ಪ್ರಶ್ನೆ ಪ್ರತಿ ವರ್ಷ ಬರುತ್ತದೆ, ಪ್ರತಿ ವರ್ಷ ಬೋರ್ಡಿನ ಮೇಲೆ ಒಂದು ಲೆಕ್ಕ ಮಾಡಿ ತೋರಿಸುತ್ತೇನೆ.

ಹೊಟ್ಟೆಯಲ್ಲಿ 100 ಮಿಲಿ ರಸ ಇದೆ, ಅದರ ಪಿಎಚ್ 1.5 ಅಂತ ಇಟ್ಟುಕೊಳ್ಳಿ. ಅದಕ್ಕೆ 300 ಮಿಲಿ ನೀರು ಸುರಿಯಿರಿ, ಅಂದರೆ ದೊಡ್ಡ ಲೋಟ ತುಂಬ. ಆಮ್ಲ ನಾಲ್ಕು ಪಟ್ಟು ತೆಳುವಾಯಿತು. ಕೇಳಿದರೆ ಭಯ ಆಗುತ್ತದೆ. ಆದರೆ ಪಿಎಚ್ ಒಂದು ಅಂಕಿ ಏರಬೇಕಾದರೇ ಆಮ್ಲ ಹತ್ತು ಪಟ್ಟು ತೆಳುವಾಗಬೇಕು. ನಾಲ್ಕು ಪಟ್ಟಿಗೆ ಏರುವುದು 0.6 ಮಾತ್ರ. 1.5 ಇದ್ದದ್ದು 2.1 ಆಯಿತು. ಪೆಪ್ಸಿನ್‌ಗೆ ಅದು ಚೆನ್ನಾಗಿಯೇ ಒಗ್ಗುತ್ತದೆ.

ನಿಜವಾಗಿ ಹುಳಿ ಇಳಿಸುವುದು ಊಟ. ಬೇಳೆ, ಸೊಪ್ಪಿನ ಪ್ರೋಟೀನ್ ಆಮ್ಲವನ್ನು ಹಿಡಿದುಕೊಳ್ಳುತ್ತದೆ, ಹಾಗಾಗಿ ಒಂದು ಗುಟುಕು ನೀರು ಕುಡಿಯದಿದ್ದರೂ ಊಟವಾದ ತಕ್ಷಣ ಪಿಎಚ್ 4-5ರವರೆಗೆ ಏರಬಹುದು. ನೀರೇ ಕೆಟ್ಟದ್ದು ಅನ್ನುವುದಾದರೆ ಮುದ್ದೆಯನ್ನೂ ಬಿಡಬೇಕಾಗುತ್ತೆ. ಒಂದು ಪಾವು ರಾಗಿ ಹಿಟ್ಟಿಗೆ ಹತ್ತಿರಹತ್ತಿರ ಎರಡು ಪಾವು ನೀರು ಹೋಗಿರುತ್ತದೆ, ಮೇಲಿನ ಸಾರಂತೂ ನೀರೇ.

ಮಜ್ಜಿಗೆ ಪಾತ್ರೆಗೂ ಹೊಟ್ಟೆಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಪಾತ್ರೆ ಹೊಸ ಹುಳಿ ಸುರಿಸುವುದಿಲ್ಲ. ಹೊಟ್ಟೆ ಸುರಿಸುತ್ತದೆ. ಊಟ ಬಿದ್ದು ಹೊಟ್ಟೆ ಹಿಗ್ಗಿದಾಗ, ಪ್ರೋಟೀನ್ ತಗುಲಿದಾಗ ಗ್ಯಾಸ್ಟ್ರಿನ್ ಅನ್ನುವ ಹಾರ್ಮೋನು ರಕ್ತಕ್ಕೆ ಬರುತ್ತದೆ, ಅದು ಆಮ್ಲ ಹೆಚ್ಚಿಸುತ್ತದೆ. ಹುಳಿ ಜೋರಾದ ಮೇಲೆ ಗ್ಯಾಸ್ಟ್ರಿನ್ ತಾನೇ ತಗ್ಗುತ್ತದೆ. ಹೀಗೆ ದಿನಕ್ಕೆ ಸುಮಾರು 2 ಲೀಟರ್ ಜಠರರಸ ಬರುತ್ತದೆ. ನೀರು ಬೇರೆ ಅಲ್ಲೇ ನಿಂತು ಕಾಯುವುದಿಲ್ಲ, ಬಹುಪಾಲು ಊಟಕ್ಕಿಂತ ಮೊದಲೇ ಜಠರದ ಒಳಕ್ಕೆ ಬಾಗಿದ ಕಡೆಯ ಗೋಡೆಗುಂಟ ಸರಿದು ಕರುಳಿಗೆ ಇಳಿಯುತ್ತದೆ. ಖಾಲಿ ಹೊಟ್ಟೆಯಲ್ಲಿ ಇಳಿದ ಹುಳಿಯೂ ಕೆಲವೇ ನಿಮಿಷದಲ್ಲಿ ಮೊದಲಿನಂತಾಗುತ್ತದೆ.

ಜೀರ್ಣದ ಮುಖ್ಯ ಕೆಲಸ ನಡೆಯುವುದು ಸಣ್ಣ ಕರುಳಿನಲ್ಲಿ. ಮುದ್ದೆಯನ್ನು ನಾವು ಅಗಿಯದೆ ನುಂಗುತ್ತೇವೆ, ಅದರ ಪಿಷ್ಟ ಒಡೆಯುವುದು ಹೆಚ್ಚಾಗಿ ಅಲ್ಲೇ. ಅಲ್ಲಿ ಮೇದೋಜೀರಕ ಗ್ರಂಥಿಯ ರಸ ಬಂದು ಹುಳಿಯನ್ನೇ ಕೊಂದುಬಿಡುತ್ತದೆ.

ಹಾಗಾದರೆ ಮಾವನವರಿಗೆ ಆರಾಮ ಆದದ್ದು ಹೇಗೆ? ಅವರ ತೊಂದರೆಯನ್ನೇ ನೋಡಿ. ರಸ ತೆಳುವಾಗಿದ್ದರೆ ಎದೆ ಉರಿಯಬಾರದಿತ್ತು! ಉರಿದದ್ದು ಆಮ್ಲ ಅನ್ನನಾಳಕ್ಕೆ ಏರಿದ್ದರಿಂದ. ಮುದ್ದೆ, ಸಾರು, ಮೇಲೊಂದು ಚೊಂಬು ನೀರು, ಹೊಟ್ಟೆ ಬಿಗಿದು ಮೇಲಿನ ಬಾಯಿ ಸಡಿಲವಾಗುತ್ತದೆ, ತಕ್ಷಣ ಮಲಗಿದರೆ ಒಳಗಿದ್ದದ್ದು ಹಿಂದಕ್ಕೆ ಹರಿಯುತ್ತದೆ. ಗುರುತಿಸುವುದೂ ಸುಲಭ. ಮಧ್ಯಾಹ್ನ ಅಷ್ಟೇ ಊಟ, ಅಷ್ಟೇ ನೀರು ಕುಡಿದು ಓಡಾಡಿಕೊಂಡಿದ್ದಾಗ ಉರಿ ಇಲ್ಲ, ರಾತ್ರಿ ಮಲಗಿದಾಗ ಮಾತ್ರ ಇದೆ ಅಂದರೆ ತಪ್ಪು ಜೀರ್ಣರಸದ್ದಲ್ಲ. ಇಂಥವರು ಊಟದಲ್ಲಿ ಗುಟುಕು ಗುಟುಕಾಗಿ ಕುಡಿಯಲಿ, ಉಂಡ ಮೇಲೆ ಎರಡು ಮೂರು ಗಂಟೆ ಮಲಗದಿರಲಿ.

ಊಟದ ಜೊತೆ ನೀರು ಬೇಡ ಅಂತ ಡಾಕ್ಟರೇ ಕೆಲವರಿಗೆ ಹೇಳುತ್ತಾರೆ. ಜಠರದ ಆಪರೇಷನ್ ಆದವರಲ್ಲಿ ಊಟ, ನೀರು ಒಟ್ಟಿಗೆ ಕರುಳಿಗೆ ಜಾರಿದರೆ ಬೆವರು, ತಲೆಸುತ್ತು, ಭೇದಿ ಬರಬಹುದು. ಅವರು ಅರ್ಧ ಗಂಟೆ ಬಿಟ್ಟೇ ಕುಡಿಯಬೇಕು.